ರೂಟರಿನ ಅಡಾಪ್ಟರ್ ಬದಲಿಸುವ ಮುನ್ನ

ಕೇಳುಗರಿಗೆ ನಮಸ್ಕಾರ.

ಗುಡುಗು ಮಳೆ ಬಂದು ಹೋದ ಮಾರನೇ ದಿನ ಚಿಂತಾಮಣಿಯ ಕಡೆಯ ಒಂದು ಮನೆಯಲ್ಲಿ ವೈಫೈ ರೂಟರಿನ ದೀಪ ಹತ್ತುತ್ತಿಲ್ಲ ಎಂದುಕೊಳ್ಳಿ. ಅಡಾಪ್ಟರ್ ಹೋಗಿದೆ. ರೂಟರಿನ ತಳದ ಚೀಟಿಯಲ್ಲಿ 12 ವೋಲ್ಟ್, 1 ಆಂಪಿಯರ್ ಎಂದಿದೆ. ಮನೆಯಲ್ಲಿ ಹುಡುಕಿದರೆ ಮೂರು ಹಳೇ ಅಡಾಪ್ಟರ್ ಸಿಗುತ್ತವೆ: ಎಲ್‌ಇಡಿ ಪಟ್ಟಿಯದೊಂದು, ಮಕ್ಕಳ ಕೀಬೋರ್ಡಿನದೊಂದು, ಸಿಸಿಟಿವಿ ಪೆಟ್ಟಿಗೆಯದೊಂದು. ಮೂರರ ತುದಿಯಲ್ಲೂ ಅದೇ ದುಂಡನೆಯ ಪಿನ್ನು. ಯಾವುದನ್ನು ಹಾಕಬಹುದು?

ಈ ದುಂಡು ಪಿನ್ನಿಗೆ ಎರಡು ಅಳತೆ. ಹೊರಗಿನ ಲೋಹದ ಕೊಳವೆಯ ಅಡ್ಡಗಲ ಒಂದು, ನಡುವಿನ ತೂತಿನದು ಇನ್ನೊಂದು. ಮನೆಬಳಕೆಯ ಸಾಮಾನಿನಲ್ಲಿ ಹೊರಗಿನದು ಹೆಚ್ಚಾಗಿ 5.5 ಮಿಲಿಮೀಟರ್. ಗೊಂದಲ ಒಳಗಿನದರಲ್ಲಿ: ಅದು 2.1 ಇರಬಹುದು, 2.5 ಇರಬಹುದು. ಅರ್ಧ ಮಿಲಿಮೀಟರಿಗೂ ಕಡಿಮೆ ವ್ಯತ್ಯಾಸ, ಕಣ್ಣಿಗೆ ಕಾಣುವುದಿಲ್ಲ. ಅಂಗಡಿಯಲ್ಲಿ 'ದಪ್ಪ ಪಿನ್ನು ಕೊಡಿ' ಎಂದರೆ ಎರಡರಲ್ಲಿ ಯಾವುದಾದರೂ ಕೈಗೆ ಬರುತ್ತದೆ.

ಅಳೆಯಲು ಸುಲಭದ ಉಪಾಯವಿದೆ. ಅಡಾಪ್ಟರನ್ನು ಗೋಡೆಯ ಸಾಕೆಟ್ಟಿನಿಂದ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, 2.5 ಮಿಲಿಮೀಟರಿನ ಡ್ರಿಲ್ ಬಿಟ್ಟಿನ ನುಣುಪಾದ ಹಿಂಬದಿಯನ್ನು ತೂತಿಗೆ ಇಟ್ಟು ನೋಡಿ. ಒಳಗೆ ಹೋದರೆ ಅದು 2.5. ಬಾಯಲ್ಲೇ ನಿಂತರೆ 2.1. ಒತ್ತಿ ತುರುಕಬೇಡಿ, ಒಳಗಿನ ಸ್ಪ್ರಿಂಗ್ ಅಗಲವಾಗುತ್ತದೆ.

ನಮ್ಮ ಎಲ್‌ಇಡಿ ಪಟ್ಟಿಯ ಅಡಾಪ್ಟರ್ 12 ವೋಲ್ಟಿನದೇ, ಆದರೆ ತೂತು 2.5. ರೂಟರಿನ ಕಡ್ಡಿ 2.1ರ ಪ್ಲಗ್ಗಿಗೆ ಮಾಡಿದ್ದು. ಸಿಕ್ಕಿಸಿದರೆ ಸಲೀಸಾಗಿ ಹೋಗುತ್ತದೆ, ದೀಪವೂ ಹತ್ತುತ್ತದೆ. ಆದರೆ ನಡುವಿನ ಕಡ್ಡಿಗೆ ಸಂಪರ್ಕ ಸಡಿಲ. ವೈರು ಅಲುಗಿದಾಗಲೆಲ್ಲ ರೂಟರ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ, ಪಿನ್ನು ಬಿಸಿಯಾಗುತ್ತದೆ. ಎಷ್ಟೋ ಮನೆಗಳಲ್ಲಿ ಇದಕ್ಕೆ ಬೈಗುಳ ಬೀಳುವುದು ಇಂಟರ್‌ನೆಟ್ ಕೊಟ್ಟವರಿಗೆ. ಇದರ ತಿರುವುಮುರುವಾದರೆ, ಅಂದರೆ 2.1ರ ಪ್ಲಗ್ಗನ್ನು 2.5ರ ಜ್ಯಾಕಿಗೆ ಹಾಕಹೋದರೆ, ಅದು ಒಳಗೆ ಹೋಗುವುದೇ ಇಲ್ಲ.

ಕೀಬೋರ್ಡಿನ ಅಡಾಪ್ಟರ್ ನಿಜವಾದ ಅಪಾಯ. ಅದರ ತೂತು 2.1, ರೂಟರಿಗೆ ಬಿಗಿಯಾಗಿ ಕೂರುತ್ತದೆ. ಆದರೆ ಅದು 9 ವೋಲ್ಟಿನದು, ಮೇಲಾಗಿ ನಡುವೆ ಮೈನಸ್, ಹೊರಗೆ ಪ್ಲಸ್. ಹಲವು ಕೀಬೋರ್ಡುಗಳಲ್ಲಿ, ಗಿಟಾರಿನ ಪೆಡಲ್‌ಗಳಲ್ಲಿ ಹೀಗೆ ಬರುತ್ತದೆ. ರೂಟರಿಗೆ ಬೇಕಾದದ್ದು ನಡುವೆ ಪ್ಲಸ್. ಉಲ್ಟಾ ಕೊಟ್ಟಾಗ ಒಳಗೆ ಕಾಯುವ ಡಯೋಡ್ ಇದ್ದರೆ ನಿಮ್ಮ ಪುಣ್ಯ, ರೂಟರ್ ಆನ್ ಆಗದೆ ಸುಮ್ಮನಿರಬಹುದು. ಇಲ್ಲದಿದ್ದರೆ ವೋಲ್ಟೇಜ್ ಇಳಿಸುವ ಐಸಿ ಸುಡುತ್ತದೆ, ಕೆಪಾಸಿಟರ್ ಉಬ್ಬುತ್ತದೆ, ಸುಟ್ಟ ವಾಸನೆ ಬರುತ್ತದೆ.

ಇದನ್ನು ತಿಳಿಯಲು ಚೀಟಿಯ ಮೇಲಿನ ಚಿತ್ರ ನೋಡಿ. ಇಂಗ್ಲಿಷಿನ ಸಿ ಅಕ್ಷರದಂಥ ಕಮಾನು, ಅದರ ನಡುವೆ ಒಂದು ಚುಕ್ಕೆ. ಚುಕ್ಕೆ ಎಂದರೆ ಪ್ಲಗ್ಗಿನ ಒಳಭಾಗ, ಕಮಾನು ಎಂದರೆ ಹೊರಗಿನ ಕೊಳವೆ. ಚುಕ್ಕೆಯಿಂದ ಹೊರಟ ಗೆರೆಯ ತುದಿಯಲ್ಲಿ ಪ್ಲಸ್ ಇದ್ದರೆ ನಡುವೆ ಪ್ಲಸ್. ರೂಟರಿನ ಮೇಲಿನ ಚಿತ್ರವೂ ಅಡಾಪ್ಟರಿನ ಚಿತ್ರವೂ ಒಂದೇ ಆಗಿರಬೇಕು. ವೈರಿನ ಮೇಲಿನ ಬಿಳಿ ಗೆರೆಯನ್ನು ಮಾತ್ರ ನಂಬಬೇಡಿ. ಅದಕ್ಕೆ ಖಚಿತವಾದ ನಿಯಮವಿಲ್ಲ.

ಚೀಟಿ ಅಳಿಸಿಹೋಗಿದ್ದರೆ ಮಲ್ಟಿಮೀಟರ್ ಬೇಕು. ಕಪ್ಪು ವೈರು ಕಾಮ್ ತೂತಿನಲ್ಲಿ, ಕೆಂಪು ವೈರು ವೋಲ್ಟಿನ ತೂತಿನಲ್ಲಿ ಇರಲಿ. ಗುಂಡಿಯನ್ನು ಡಿಸಿ 20 ವೋಲ್ಟಿಗೆ ತಿರುಗಿಸಿ. ಅಡಾಪ್ಟರನ್ನು ಸಾಕೆಟ್ಟಿಗೆ ಹಾಕಿ, ಪ್ಲಗ್ಗನ್ನು ಯಾವುದಕ್ಕೂ ಸಿಕ್ಕಿಸದೆ, ಕೆಂಪು ಮೊನೆಯನ್ನು ತೂತಿನೊಳಗೆ, ಕಪ್ಪನ್ನು ಹೊರಗಿನ ಲೋಹಕ್ಕೆ ಮುಟ್ಟಿಸಿ. ಎರಡು ಮೊನೆ ಒಂದಕ್ಕೊಂದು ತಗಲಬಾರದು. ಬರಿಯ 12 ಬಂದರೆ ನಡುವೆ ಪ್ಲಸ್. ಅಂಕಿಯ ಹಿಂದೆ ಮೈನಸ್ ಗುರುತು ಬಂದರೆ ನಡುವೆ ಮೈನಸ್. ತೂಕದ, ಟ್ರಾನ್ಸ್‌ಫಾರ್ಮರ್ ಇರುವ ಹಳೇ ಅಡಾಪ್ಟರ್ ಆಗಿದ್ದರೆ 12 ಎಂದು ಬರೆದಿದ್ದರೂ ಬರಿದಾಗಿ ಅಳೆದಾಗ 16, 17 ತೋರಿಸಬಹುದು. ಅಂಥದ್ದನ್ನು ರೂಟರಿಗೆ ಹಾಕದಿರುವುದೇ ಮೇಲು. ಡಿಸಿಯಲ್ಲಿ ಸೊನ್ನೆ ಬಂದರೆ ಚೀಟಿಯನ್ನು ಇನ್ನೊಮ್ಮೆ ನೋಡಿ, ಕೆಲವು ಅಡಾಪ್ಟರುಗಳು ಎಸಿಯನ್ನೇ ಹೊರಗೆ ಕೊಡುತ್ತವೆ. ಅವೂ ರೂಟರಿಗೆ ಬೇಡ.

ಇನ್ನುಳಿದದ್ದು ಸಿಸಿಟಿವಿಯ ಅಡಾಪ್ಟರ್: 12 ವೋಲ್ಟ್, 2 ಆಂಪಿಯರ್, ತೂತು 2.1, ನಡುವೆ ಪ್ಲಸ್. ಆಂಪಿಯರ್ ಹೆಚ್ಚಿದೆಯೆಂದು ಹೆದರಬೇಕಿಲ್ಲ, ರೂಟರ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಇದನ್ನು ಹಾಕಬಹುದು.

ಈ ಲೆಕ್ಕ ಲ್ಯಾಪ್‌ಟಾಪಿಗೆ ಪೂರ್ತಿ ಹೊಂದುವುದಿಲ್ಲ. ಕೆಲವು ಲ್ಯಾಪ್‌ಟಾಪ್ ಚಾರ್ಜರುಗಳ ಪ್ಲಗ್ಗಿನ ನಟ್ಟನಡುವೆ ಸೂಜಿಯಂಥ ಕಡ್ಡಿ ಇರುತ್ತದೆ. ಅದು ಚಾರ್ಜರನ್ನು ಗುರುತಿಸಲು ಇರುವ ಕಡ್ಡಿ, ಕರೆಂಟು ಹರಿಯುವುದು ಕೊಳವೆಯ ಒಳಮೈ ಮತ್ತು ಹೊರಮೈಯಲ್ಲಿ. ಅಲ್ಲಿ ಪ್ಲಸ್ ಹುಡುಕುವಾಗ ಕೆಂಪು ಮೊನೆ ಮುಟ್ಟಬೇಕಾದದ್ದು ಕಡ್ಡಿಯನ್ನಲ್ಲ, ಒಳಮೈಯನ್ನು.

ನಮಸ್ಕಾರ.