ಎಕ್ಸ್‌ರೇಯಲ್ಲಿ ಕಾಣುವುದು ಹೃದಯವಲ್ಲ, ಅದರ ನೆರಳು

ಮಳೆಗಾಲದಲ್ಲಿ ಕರೆಂಟು ಹೋದಾಗ ನಮ್ಮ ಕೊಡಗಿನ ಮನೆಗಳಲ್ಲಿ ಮಕ್ಕಳು ದೀಪದ ಮುಂದೆ ಕೈ ಹಿಡಿದು ಗೋಡೆಯ ಮೇಲೆ ನೆರಳಿನ ಆಟ ಆಡುತ್ತಾರೆ. ಕೈ ಗೋಡೆಗೆ ಹತ್ತಿರವಿದ್ದರೆ ನೆರಳು ಕೈಯಷ್ಟೇ ಇರುತ್ತದೆ. ದೀಪದ ಕಡೆಗೆ ಸರಿಸಿದರೆ ಹಿಗ್ಗುತ್ತದೆ. ಎದೆಯ ಎಕ್ಸ್‌ರೇಯಲ್ಲಿ ನಡೆಯುವುದೂ ಇದೇ.

ಸುಂಟಿಕೊಪ್ಪದ ಕಡೆಯ ಕಾಫಿ ತೋಟದಲ್ಲಿ ದುಡಿಯುವ ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಜ್ವರದಿಂದ ನಿಲ್ಲಲಾಗದೆ ಮಲಗಿದ್ದಾಗ ಎಕ್ಸ್‌ರೇ ತೆಗೆದಿದ್ದರು. ‘ಹೃದಯ ದೊಡ್ಡದಾಗಿದೆ’ ಎಂದು ವರದಿ. ಮಗಳು ಅದನ್ನು ಹಿಡಿದು ನನ್ನ ಮುಂದೆ ಕುಳಿತು, ‘ಡಾಕ್ಟರೇ, ಅಮ್ಮ ಇನ್ನು ಗುಡ್ಡ ಹತ್ತಬಾರದೇ?’ ಎಂದು ಕೇಳಿದಳು.

ಫಿಲ್ಮಿನ ಮೇಲೆ ಸ್ಕೇಲು ಇಟ್ಟೆವು. ಹೃದಯದ ನೆರಳಿನ ಅತಿ ಹೆಚ್ಚಿನ ಅಗಲ 15.5 ಸೆಂಟಿಮೀಟರ್, ಪಕ್ಕೆಲುಬುಗಳ ಒಳಗಿನ ಎದೆಯ ಅಗಲ 27.5. ಭಾಗಿಸಿದರೆ 0.56. ದೊಡ್ಡವರಲ್ಲಿ 0.5 ದಾಟಿದರೆ ಹೆಚ್ಚು ಎನ್ನುವುದು ರೂಢಿ. ಆದರೆ ಆ ಅಳತೆ, ನಿಂತು, ಎದೆಯನ್ನು ಚಿತ್ರ ಮೂಡುವ ಫಲಕಕ್ಕೆ ಒತ್ತಿ, ಬೆನ್ನಿನ ಕಡೆಯಿಂದ ಸುಮಾರು ಆರು ಅಡಿ ದೂರದಲ್ಲಿ ಕಿರಣ ಬಿಟ್ಟು ತೆಗೆದ ಚಿತ್ರಕ್ಕೆ ಹೊಂದುವುದು. ಮಲಗಿಸಿ ತೆಗೆಯುವಾಗ ಫಲಕ ಬೆನ್ನಿನಡಿ ಇರುತ್ತದೆ, ಕಿರಣ ಹತ್ತಿರದಿಂದ ಬರುತ್ತದೆ. ಹೃದಯ ಇರುವುದು ಎದೆಯ ಮುಂಭಾಗದಲ್ಲಿ. ಅಂದರೆ ಕೈ ದೀಪದ ಕಡೆಗೆ ಸರಿದಂತಾಯಿತು. ಜ್ವರದಲ್ಲಿ ಆಕೆ ಉಸಿರನ್ನೂ ಪೂರ್ತಿ ಎಳೆದಿರಲಿಲ್ಲ. ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆ ಆಗ ಮೇಲೇರಿರುತ್ತದೆ, ಹೃದಯ ಅಡ್ಡಕ್ಕೆ ಒರಗುತ್ತದೆ. ಫಿಲ್ಮಿನಲ್ಲಿ ವಪೆಯ ಮೇಲೆ ಹಿಂಬದಿಯ ಪಕ್ಕೆಲುಬು ಏಳೇ ಎಣಿಸಲು ಸಿಕ್ಕವು. ಉಸಿರು ತುಂಬಿದ್ದರೆ ಒಂಬತ್ತು ಹತ್ತು ಸಿಗಬೇಕಿತ್ತು.

ಜ್ವರ ಇಳಿದ ಮೇಲೆ ನಿಲ್ಲಿಸಿ ಮತ್ತೆ ತೆಗೆಸಿದೆವು. ಈ ಸಲ 13.8ಕ್ಕೆ 29, ಅಂದರೆ 0.48. ಹೃದಯ ಕುಗ್ಗಿರಲಿಲ್ಲ, ನೆರಳು ಬದಲಾಗಿತ್ತು ಅಷ್ಟೇ.

ಸರಿಯಾಗಿ ತೆಗೆದ ಚಿತ್ರದಲ್ಲೂ ನೆರಳು ದೊಡ್ಡದಾಗಿಯೇ ಇದ್ದರೆ ಅದನ್ನು ಕಡೆಗಣಿಸಬಾರದು. ಆದರೂ ಅದು ಕಾರಣ ಹೇಳುವುದಿಲ್ಲ. ಹೃದಯದ ಕೋಣೆ ಹಿಗ್ಗಿರಬಹುದು, ಕವಾಟ ಸೋರುತ್ತಿರಬಹುದು, ಹೃದಯದ ಸುತ್ತಲ ಚೀಲದಲ್ಲಿ ನೀರು ತುಂಬಿರಬಹುದು. ಹೃದಯದ ಪಕ್ಕ ಕೂತ ಕೊಬ್ಬೂ ಗೆರೆಯನ್ನು ಅಗಲಿಸುತ್ತದೆ. ಇವುಗಳನ್ನು ಬೇರ್ಪಡಿಸಿ ತೋರಿಸುವುದು ಎಕೋ ಪರೀಕ್ಷೆ.

ನನಗೆ ಹೆಚ್ಚು ಭಯ ಹುಟ್ಟಿಸುವುದು ‘ನೆರಳು ಸರಿಯಾಗಿದೆ’ ಎಂಬ ಸಮಾಧಾನ. ವರ್ಷಗಟ್ಟಲೆ ಬಿಪಿ ಇದ್ದವರಲ್ಲಿ ಹೃದಯದ ಗೋಡೆ ಒಳಮುಖವಾಗಿ ದಪ್ಪವಾಗಿರಬಹುದು, ಹೊರಗೆರೆ ಮಾತ್ರ ಅಲ್ಲಾಡದೆ ಇರಬಹುದು. ಈಗಷ್ಟೇ ಹೃದಯಾಘಾತವಾದವರ ಎಕ್ಸ್‌ರೇಯಲ್ಲೂ ನೆರಳು ಎಂದಿನಂತೆಯೇ ಇರಬಹುದು. ಚೀಲದಲ್ಲಿ ನೀರು ಸುಮಾರು 200 ಮಿಲಿಲೀಟರ್ ಸೇರುವವರೆಗೆ ಗೆರೆ ಸಾಮಾನ್ಯವಾಗಿ ಬದಲಾಗುವುದಿಲ್ಲ. ಬೇಗನೆ ತುಂಬಿದರೆ ಅದಕ್ಕಿಂತ ಕಡಿಮೆ ನೀರೇ ಜೀವಕ್ಕೆ ಸಂಚಕಾರ ತರಬಲ್ಲದು. ಏರು ಹತ್ತುವಾಗ ಏದುಸಿರು, ರಾತ್ರಿ ಮಲಗಿದರೆ ಉಸಿರು ಕಟ್ಟುವುದು, ಕಾಲು ಊದುವುದು ಇದ್ದರೆ, ಎಕ್ಸ್‌ರೇ ಚೆನ್ನಾಗಿದೆ ಎಂದು ಮನೆಗೆ ಹೋಗಬೇಡಿ. ಹಳೆಯ ಫಿಲ್ಮ್ ಇದ್ದರೆ ಅದನ್ನೂ ತನ್ನಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ.