ಮಗು ಬಾಯಿಗಿಡುವ ಗೊಂಬೆಗೆ ಒಂದು ಹೆಸರು

ಚನ್ನಪಟ್ಟಣದ ಕುಶಲಕರ್ಮಿ ಬಂಧುಗಳೇ, ಸ್ವಂತ ಹೆಸರಿನಲ್ಲಿ ಗೊಂಬೆ ಮಾರಲು ಹೊರಟಿರುವ ಗೆಳೆಯರೇ, ಎಲ್ಲರಿಗೂ ನಮಸ್ಕಾರ.

ಇಲ್ಲೊಂದು ಗಿಲಕಿ ತಂದಿದ್ದೇನೆ. ನಾನು ಮಾತನಾಡುತ್ತಿರುವಾಗ ಇದು ಕೈಯಿಂದ ಕೈಗೆ ದಾಟಲಿ. ಹೆಬ್ಬೆರಳನ್ನು ಇದರ ಹೊಟ್ಟೆಯ ಮೇಲೆ ಮೆಲ್ಲಗೆ ಆಡಿಸಿ ನೋಡಿ. ಕೆಂಪು ಮುಗಿದು ಹಳದಿ ಶುರುವಾಗುವ ಗೆರೆ ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಮಾತ್ರ ಸಿಗುವುದಿಲ್ಲ. ಕುಂಚದಿಂದ ಬಳಿದ ಬಣ್ಣವಾಗಿದ್ದರೆ ಅಲ್ಲಿ ಒಂದು ಅಂಚು ಇರುತ್ತಿತ್ತು. ಲೇತ್ ಮೇಲೆ ಮರ ಸುತ್ತುತ್ತಿರುವಾಗ ಬಣ್ಣ ಕಲಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತೀರಿ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರವನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಒಣ ತಾಳೆಗರಿಯನ್ನು ಒತ್ತಿದರೆ ಅದು ಸಮನಾಗಿ ಹರಡಿ ಹೊಳಪು ಬರುತ್ತದೆ. ಇದೆಲ್ಲ ನಿಮಗೆ ಗೊತ್ತಿರುವುದೇ. ಆದರೆ ಬೆಂಗಳೂರಿನ ಮನೆಯೊಂದರಲ್ಲಿ ಮೊಬೈಲ್ ಪರದೆಯ ಮೇಲೆ ಈ ಗಿಲಕಿಯ ಚಿತ್ರ ನೋಡುತ್ತಿರುವ ತಾಯಿಗೆ ಹೆಬ್ಬೆರಳು ಆಡಿಸುವ ಅವಕಾಶವಿಲ್ಲ. ಆಕೆಗೆ ಸಿಗುವುದು ಒಂದು ಚಿತ್ರ, ಒಂದು ಬೆಲೆ ಮತ್ತು ಒಂದು ಹೆಸರು.

ಹೆಸರಿನ ಮೇಲೆ ಇಷ್ಟು ಭಾರ ಬೀಳಲು ಇನ್ನೊಂದು ಕಾರಣವೂ ಇದೆ. 2021ರ ಜನವರಿ 1ರಿಂದ, ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳ ಆಟಿಕೆಗಳಿಗೂ ಊರಿನ ಕಸುಬಿಗೆ ಸಿಗುವ ಭೌಗೋಳಿಕ ಗುರುತಾದ ಜಿಐ ನೋಂದಣಿಯ ಅಧಿಕೃತ ಬಳಕೆದಾರರ ಆಟಿಕೆಗಳಿಗೂ ಅದರಿಂದ ವಿನಾಯಿತಿ ಸಿಕ್ಕಿತು. ಚಿಕ್ಕ ಕಾರ್ಖಾನೆಗಳು ಉಳಿದುಕೊಳ್ಳಲು ಇದು ಬೇಕೇ ಬೇಕಿತ್ತು. ಆದರೆ ತಾಯಿಯ ಕಡೆಯಿಂದ ನೋಡಿದರೆ, ಪ್ಲಾಸ್ಟಿಕ್ ಗೊಂಬೆಯ ಡಬ್ಬಿಯ ಮೇಲಿರುವ ಗುರುತು ನಿಮ್ಮ ಡಬ್ಬಿಯ ಮೇಲೆ ಇಲ್ಲದೆ ಹೋಗಬಹುದು. ಆ ಖಾಲಿ ಜಾಗದಲ್ಲಿ ನಂಬಿಕೆ ಹುಟ್ಟಿಸುವ ಕೆಲಸ ಹೆಸರಿನದು.

ಕಳೆದ ತಿಂಗಳು ಐದು ಲೇತ್‌ಗಳ ಚಿಕ್ಕ ಕಾರ್ಖಾನೆ ನಡೆಸುವ ಅಕ್ಕ ತಂಗಿಯರಿಬ್ಬರು ಹೆಸರು ಹುಡುಕಿಕೊಂಡು ನನ್ನ ಬಳಿ ಬಂದಿದ್ದರು. ಗಿಲಕಿ, ಬುಗುರಿ, ಉಂಗುರಗಳನ್ನು ಒಂದರ ಮೇಲೊಂದು ಪೋಣಿಸುವ ಗೋಪುರ, ದಾರ ಕಟ್ಟಿ ಎಳೆಯುವ ಬಂಡಿ, ಇವು ಅವರು ಮಾಡುವ ಸಾಮಾನು. ಒಂದು ನೋಟ್‌ಬುಕ್ಕಿನ ತುಂಬ ಹೆಸರು ಬರೆದು ತಂದಿದ್ದರು. ಅದರಲ್ಲಿ ಕೆಲವನ್ನು ಅವರ ಒಪ್ಪಿಗೆ ಪಡೆದು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲನೆಯದು ‘ನಿರ್ವಿಷ’. ತಂಗಿಗೆ ಇದು ತುಂಬ ಇಷ್ಟವಾಗಿತ್ತು. ಬಣ್ಣದಲ್ಲಿ ವಿಷವಿಲ್ಲ ಎಂದು ನೇರವಾಗಿ ಹೇಳುತ್ತದೆ ಎನ್ನುವುದು ಅವರ ವಾದ. ಆ ಪದವನ್ನು ಎರಡು ಸಲ ಜೋರಾಗಿ ಹೇಳಿ ನೋಡಿ ಎಂದೆ. ಕಿವಿಯಲ್ಲಿ ಉಳಿಯುವುದು ‘ವಿಷ’ ಮಾತ್ರ. ಅಲ್ಲಿಯವರೆಗೆ ವಿಷದ ಯೋಚನೆಯೇ ಇಲ್ಲದ ತಾಯಿಗೂ ನಾವಾಗಿಯೇ ಅದನ್ನು ನೆನಪಿಸಿದಂತಾಯಿತು. ‘ಸುರಕ್ಷಾ’, ‘ಅಭಯ’ ಕೂಡ ಹೀಗೇ ಜಾರಿದವು. ಹೆಲ್ಮೆಟ್ಟಿಗೂ ವಿಮೆಗೂ ಗ್ಯಾಸ್ ಪೈಪಿಗೂ ಹೊಂದುವ ಹೆಸರು ಗಿಲಕಿಗೆ ಏಕೆ?

ಎರಡನೆಯದು ‘ಅರಗು’. ಇದು ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಈ ಕಸುಬಿನ ಜೀವಾಳವೇ ಅರಗು. ಅದೂ ಚಿಕ್ಕ ಪದ, ನಮ್ಮದೇ ಪದ. ಆದರೆ ಕನ್ನಡದ ಮನೆಯಲ್ಲಿ ಬೆಳೆದವರು ಅರಗು ಎಂದೊಡನೆ ಮೊದಲು ನೆನೆಯುವುದು ಅರಗಿನ ಮನೆಯನ್ನು. ಕುಂತಿಯನ್ನೂ ಐವರು ಮಕ್ಕಳನ್ನೂ ಒಳಗಿಟ್ಟು ಬೆಂಕಿ ಹಚ್ಚಲು ಕಟ್ಟಿಸಿದ ಮನೆ ಅದು. ಮಗುವಿನ ಆಟದ ಸಾಮಾನಿಗೆ ಆ ನೆನಪು ಬೇಡ. ಅರಗಿನ ಕಥೆ ಹೆಸರಿನ ಕೆಳಗಿನ ಸಾಲಿನಲ್ಲಿ ಬರಲಿ ಎಂದೆ, ಅಕ್ಕ ಒಪ್ಪಿದರು.

ಮೂರನೆಯದು ‘ಉರುಳು’. ಬುಗುರಿ ಉರುಳುತ್ತದೆ, ಬಂಡಿ ಉರುಳುತ್ತದೆ, ಲೇತ್ ಮೇಲೆ ಮರವೂ ತಿರುಗುತ್ತದೆ ಎಂಬ ಲೆಕ್ಕ. ಪದ ಚೆನ್ನಾಗಿದೆ, ಆಟವೂ ಇದೆ. ಆದರೆ ನೇಣಿನ ಕುಣಿಕೆಗೂ ನಾವು ಉರುಳು ಎಂದೇ ಹೇಳುತ್ತೇವೆ. ಎಳೆಯುವ ಬಂಡಿಗೆ ದಾರ ಬೇರೆ ಇದೆ. ಉದ್ದದ ದಾರ ಮಗುವಿನ ಕುತ್ತಿಗೆಗೆ ಸುತ್ತಿಕೊಳ್ಳುವ ಅಪಾಯವಿರುವುದರಿಂದಲೇ ಆಟಿಕೆಯ ಮಾನದಂಡಗಳು ದಾರದ ಉದ್ದಕ್ಕೂ ಕುಣಿಕೆಗೂ ಮಿತಿ ಹಾಕಿವೆ. ಆ ದಾರದ ಪಕ್ಕದಲ್ಲಿ ಈ ಪದವನ್ನು ಅಚ್ಚು ಹಾಕಿಸುವುದು ಸಾಧ್ಯವೇ ಇಲ್ಲ.

ನಾಲ್ಕನೆಯದು ‘ಹಾಲೆ’. ಮರದ ಹೆಸರು. ಗೀರಿದರೆ ಹಾಲಿನಂಥ ಬಿಳಿ ಸೊನೆ ಬರುವ ಮರ, ಒಳಗಿನ ಕಟ್ಟಿಗೆ ದಂತದ ಬಣ್ಣದ್ದು. ನನಗೆ ಈ ಹೆಸರು ಬಿಡಲು ಮನಸ್ಸೇ ಇರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ Hale ಎಂದು ಬರೆದಾಗ ತೊಡಕು ಬಂತು. ಅದನ್ನು ಕನ್ನಡಿಗರು ‘ಹಳೆ’ ಎಂದು ಓದಿದರು, ಹಳೆ ಗೊಂಬೆ ಅಂಗಡಿಯೇ ಎಂದು ಕೇಳಿದರು. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಹಾಲೆ ಮರ ಸಿಗದ ತಿಂಗಳುಗಳಲ್ಲಿ ಅವರು ರಬ್ಬರ್ ಮರ ಬಳಸುತ್ತಿದ್ದರು. ಹೆಸರು ಒಂದು ಮರದ್ದು, ಗೊಂಬೆ ಇನ್ನೊಂದು ಮರದ್ದು ಎಂದಾದರೆ ಅದು ಕೊಳ್ಳುವವರಿಗೆ ಮಾಡುವ ಮೋಸ. ಜನರನ್ನು ತಪ್ಪುದಾರಿಗೆಳೆಯುವ ಹೆಸರನ್ನು ಟ್ರೇಡ್‌ಮಾರ್ಕ್ ಕಾಯ್ದೆಯೂ ಒಪ್ಪುವುದಿಲ್ಲ. ಬಣ್ಣದ ವಿಷಯದಲ್ಲೂ ಇದೇ ಮಾತು. ಅರಿಶಿನ, ನೀಲಿಯಂಥ ಸಸ್ಯದ ಬಣ್ಣವನ್ನಷ್ಟೇ ಅರಗಿಗೆ ಕಲಸುವವರು ಮಾತ್ರ ‘ನೈಸರ್ಗಿಕ’ ಎನ್ನಬಹುದು. ಒಂದು ಕಡ್ಡಿಗಾದರೂ ರಾಸಾಯನಿಕ ಬಣ್ಣ ಕಲಸುತ್ತೀರಾದರೆ ಆ ಪದವನ್ನು ಮುಟ್ಟಬೇಡಿ.

‘ಚನ್ನಪಟ್ಟಣ’ ಎಂದೇ ಇಟ್ಟರೆ ಏನು ಎಂದು ಇಲ್ಲಿ ಯಾರೋ ಕೇಳಿದಿರಿ. ಸರಕು ಎಲ್ಲಿಯದು, ಎಂಥದು ಎಂದಷ್ಟೇ ಹೇಳುವ ಪದವನ್ನು 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಕಲಮು ಒಬ್ಬರ ಸ್ವತ್ತಾಗಲು ಬಿಡುವುದಿಲ್ಲ. ಈ ಊರಿನ ಹೆಸರು ಜಿಐ ಮೂಲಕ ಇಲ್ಲಿಯ ಎಲ್ಲ ಕೈಗಳಿಗೂ ಸೇರಿದ್ದು. ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡು ಅದನ್ನು ಹೆಸರಿನ ಕೆಳಗೆ ಹೆಮ್ಮೆಯಿಂದ ಹಾಕಿಕೊಳ್ಳಿ. ‘ಬುಗುರಿ’ಗೂ ಇದೇ ತೊಂದರೆ. ಬುಗುರಿ ಮಾರುವವರು ಬುಗುರಿ ಎಂಬ ಪದವನ್ನು ತಮ್ಮೊಬ್ಬರದೆಂದು ಕೇಳುವಂತಿಲ್ಲ.

ಹಾಗಾದರೆ ಹೆಸರು ಎಲ್ಲಿಂದ ಬರಬೇಕು? ನಾನು ಅವರ ಕಾರ್ಖಾನೆಗೆ ಹೋಗಿ ಅರ್ಧ ದಿನ ಸುಮ್ಮನೆ ಕುಳಿತೆ. ಲೇತ್ ಕೆಲಸದಲ್ಲಿ ಮೂಲೆ ಎಂಬುದೇ ಹುಟ್ಟುವುದಿಲ್ಲ, ಉಳಿ ತಾಗಿದ್ದೆಲ್ಲ ದುಂಡಗಾಗುತ್ತದೆ. ಜರ್ಮನಿಯ ಮನಶ್ಶಾಸ್ತ್ರಜ್ಞ ವೋಲ್ಫ್‌ಗಾಂಗ್ ಕೋಲರ್ 1929ರಲ್ಲೇ ಒಂದು ಸಂಗತಿಯನ್ನು ಬರೆದಿದ್ದರು. ಒಂದು ದುಂಡು ಆಕಾರ, ಒಂದು ಚೂಪು ಆಕಾರ ತೋರಿಸಿ ಇವುಗಳಲ್ಲಿ ‘ಬಲುಮ’ ಯಾವುದು, ‘ಟಕೆಟೆ’ ಯಾವುದು ಎಂದು ಕೇಳಿದರೆ, ಹೆಚ್ಚಿನವರು ದುಂಡಾದದ್ದನ್ನೇ ಬಲುಮ ಎನ್ನುತ್ತಾರೆ. ಬ, ಮ, ಲ, ನ ಮತ್ತು ಉಕಾರಗಳು ಕಿವಿಗೂ ದುಂಡಗಿವೆ. ಅಂಥ ಶಬ್ದಗಳ ಕನ್ನಡ ಪದ ಬೇಕು ಎಂದುಕೊಳ್ಳುತ್ತಿದ್ದಾಗ ಅಲ್ಲಿ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು ಗಿಲಕಿಯನ್ನು ಲೇತ್‌ನಿಂದ ಬಿಡಿಸಿ, ತಮ್ಮ ಕೆನ್ನೆಗೆ ಉಜ್ಜಿಕೊಂಡು, ‘ಇನ್ನೂ ನುಣುಪು ಬರಬೇಕು’ ಎಂದು ಮತ್ತೆ ತಾಳೆಗರಿ ಕೈಗೆತ್ತಿಕೊಂಡರು.

ನುಣುಪು. ಅಕ್ಕ ತಂಗಿ ಇಬ್ಬರೂ ಒಮ್ಮೆಗೇ ನನ್ನ ಕಡೆ ನೋಡಿದರು.

ಈ ಪದದಲ್ಲಿ ಸಿಬಿರಿಲ್ಲ ಎಂಬ ಭರವಸೆ ಇದೆ, ಆದರೆ ಸಿಬಿರಿನ ಹೆಸರೆತ್ತದೆ ಅದು ಬರುತ್ತದೆ. ತಾಳೆಗರಿ ಹಿಡಿದ ಕೈ ಇದೆ. ಮೂರು ಉಕಾರಗಳು ಸಾಲಾಗಿ ಬರುವುದರಿಂದ ಮಗುವಿನ ತೊದಲಿನಂತೆ ಕೇಳಿಸುತ್ತದೆ. ತೆಲುಗಿನಲ್ಲೂ ನುನುಪು ಎಂದರೆ ಇದೇ ಅರ್ಥ. ಬೇರೆಯವರಿಗೆ ಅರ್ಥ ಗೊತ್ತಾಗದಿದ್ದರೂ ಶಬ್ದ ಸಾಕು. ಡೆನ್ಮಾರ್ಕಿನ ಲೆಗೊ ಕಂಪನಿ ಮೊದಲು ಮಾಡುತ್ತಿದ್ದುದು ಮರದ ಗೊಂಬೆಗಳನ್ನೇ. 1930ರ ದಶಕದಲ್ಲಿ ‘ಚೆನ್ನಾಗಿ ಆಡು’ ಎಂಬ ಅರ್ಥದ ಎರಡು ಡ್ಯಾನಿಶ್ ಪದಗಳನ್ನು ಕತ್ತರಿಸಿ ಕೂಡಿಸಿ ಆ ಹೆಸರು ಕಟ್ಟಿದರು. ಡ್ಯಾನಿಶ್ ಬಾರದ ಮಕ್ಕಳಿಗೆ ಉಳಿದದ್ದು ಎರಡು ಉಚ್ಚಾರಾಂಶಗಳ ಸದ್ದು ಮಾತ್ರ, ಅದರಿಂದೇನೂ ಕೊರತೆಯಾಗಲಿಲ್ಲ.

ಹೆಸರು ನಿಲ್ಲುತ್ತದೆಯೇ ಎಂದು ನೋಡಲು ನಾವು ಫೋನ್ ಬಳಸಿದೆವು. ಪರಿಚಯದ ಹನ್ನೆರಡು ಮನೆಗಳಿಗೆ ಕರೆ ಮಾಡಿ ಹೆಸರನ್ನು ಒಂದೇ ಸಲ ಹೇಳಿದೆವು. ಕೇಳಿದ್ದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕಳಿಸಿ, ಇದು ಏನು ಮಾರುವ ಅಂಗಡಿ ಇರಬಹುದು ಹೇಳಿ ಎಂದೆವು. ಒಂಬತ್ತು ಜನ Nunupu ಎಂದೇ ಬರೆದರು. ಏನು ಮಾರುತ್ತಾರೆ ಎಂಬುದಕ್ಕೆ ಮಾತ್ರ ನಾಲ್ವರು ‘ಸೋಪು’ ಎಂದರು. ಇದು ಸರಿಯಾದ ಪೆಟ್ಟು. ಆದ್ದರಿಂದ ಹೆಸರಿನ ಜೊತೆ ಯಾವಾಗಲೂ ಬುಗುರಿಯ ಚಿತ್ರ, ಕೆಳಗೆ ‘ಚನ್ನಪಟ್ಟಣದ ಅರಗಿನ ಮರದಾಟಿಕೆ’ ಎಂಬ ಸಾಲು ಇರಲೇಬೇಕೆಂದು ನಿರ್ಧರಿಸಿದೆವು. ಚಿತ್ರ ಬೇಕಾಗಿದ್ದಕ್ಕೆ ಕಾನೂನಿನ ಕಾರಣವೂ ಇದೆ. ನುಣುಪು ಎನ್ನುವುದು ಸರಕಿನ ಗುಣವನ್ನು ಹೇಳುವ ಪದ ಎಂದು ಟ್ರೇಡ್‌ಮಾರ್ಕ್ ಪರೀಕ್ಷಕರು ಆಕ್ಷೇಪಿಸಬಹುದು. ಚಿತ್ರ ಸೇರಿಸಿ ಕೇಳಿದರೆ ದಾರಿ ಸ್ವಲ್ಪ ಸುಲಭ, ಆದರೆ ಆಗ ಸಿಗುವ ರಕ್ಷಣೆ ಪದಕ್ಕಿಂತ ಹೆಚ್ಚಾಗಿ ಆ ಇಡೀ ಗುರುತಿಗೆ ಎಂಬುದು ತಿಳಿದಿರಲಿ. ಆಟಿಕೆಗಳು ಬರುವುದು 28ನೇ ವರ್ಗದಲ್ಲಿ. ಅರ್ಜಿಗೆ ಮೊದಲು ಟ್ರೇಡ್‌ಮಾರ್ಕ್ ನೋಂದಣಿಯ ಜಾಲತಾಣದಲ್ಲಿ ಆ ವರ್ಗದೊಳಗೆ ಇದೇ ಹೆಸರನ್ನೂ ಇದರಂತೆ ಕೇಳಿಸುವ ಹೆಸರುಗಳನ್ನೂ ಹುಡುಕಿ ನೋಡಿ.

ಡಬ್ಬಿಯ ಹಿಂಬದಿಗೆ ಒಂದು ಸಾಲು ಸೇರಿಸಿದೆವು: ‘ಒಣ ಬಟ್ಟೆಯಿಂದ ಒರೆಸಿ, ಸ್ಯಾನಿಟೈಸರ್ ಬೇಡ.’ ಸ್ಪಿರಿಟ್ ಅರಗನ್ನು ಕರಗಿಸುತ್ತದೆ. ಎಚ್ಚರಿಕೆಯ ತಾಯಿಯೊಬ್ಬರು ಗಿಲಕಿಯನ್ನು ಸ್ಯಾನಿಟೈಸರಿನಿಂದ ಉಜ್ಜಿದರೆ ಕೈಗೆ ಅಂಟುವ ಬಣ್ಣ ನೋಡಿ, ನುಣುಪು ಎಂಬ ಹೆಸರನ್ನು ಮತ್ತೆಂದೂ ನಂಬುವುದಿಲ್ಲ.

ಕೊನೆಗೆ ಉಳಿದದ್ದು ಬಂಡಿ. ಇಷ್ಟು ಮೆತ್ತಗಿನ ಹೆಸರು ಕೇಳಿದವರು ಅದನ್ನು ಎಳೆಗೂಸಿನ ಕೈಗೆ ಕೊಟ್ಟೇ ಕೊಡುತ್ತಾರೆ, ಡಬ್ಬಿಯ ಮೇಲೆ ಮೂರು ವರ್ಷ ಮೇಲ್ಪಟ್ಟವರಿಗೆ ಎಂದು ಬರೆದಿದ್ದರೂ ಸರಿ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗೆ ಚಿಕ್ಕ ಭಾಗಗಳ ಪರೀಕ್ಷೆ ಇದೆ. 31.7 ಮಿಲಿಮೀಟರ್ ವ್ಯಾಸದ, ಓರೆ ತಳದ ಒಂದು ಕೊಳವೆ. ಗೊಂಬೆಯಿಂದ ಕಳಚಿ ಬರುವ ಯಾವ ತುಂಡೂ ಅದರೊಳಗೆ ಪೂರ್ತಿ ಇಳಿಯಬಾರದು. ಅವರ ಬಂಡಿಯ ಗಾಲಿ 28 ಮಿಲಿಮೀಟರ್ ಇತ್ತು. ಬಂಡಿಯನ್ನು ಸೊಂಟದ ಎತ್ತರದಿಂದ ಸಿಮೆಂಟ್ ನೆಲಕ್ಕೆ ಹಾಕಿದೆವು. ನಾಲ್ಕನೆಯ ಸಲಕ್ಕೆ ಒಂದು ಗಾಲಿ ಕಳಚಿತು. ಮರದಲ್ಲೇ ಕೊರೆದುಕೊಂಡಿದ್ದ ಅಳತೆಯ ಕೊಳವೆಗೆ ಹಾಕಿದರೆ ಸದ್ದಿಲ್ಲದೆ ಒಳಗಿಳಿಯಿತು. ತಂಗಿ ಆ ಗಾಲಿಯನ್ನು ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಏನೂ ಮಾತನಾಡಲಿಲ್ಲ. ಅವರಿಗೂ ಒಂದೂವರೆ ವರ್ಷದ ಮಗನಿದ್ದಾನೆ.

ಸಿದ್ಧವಾಗಿದ್ದ ಎಂಬತ್ತು ಬಂಡಿಗಳನ್ನು ಅವರು ಮೂಲೆಗೆ ಸರಿಸಿಟ್ಟಿದ್ದಾರೆ. 45 ಮಿಲಿಮೀಟರಿನ ಹೊಸ ಗಾಲಿಗಳು ಈ ವಾರ ಲೇತ್ ಏರಿವೆ. ಗಿಲಕಿ ಮತ್ತು ಗೋಪುರಗಳ ಡಬ್ಬಿಗೆ ಹೆಸರು ಅಚ್ಚಾಗಿ ಬಂದಿದೆ, ಬಂಡಿಯ ಡಬ್ಬಿ ಇನ್ನೂ ಖಾಲಿ ಇದೆ.