ಮಾಲು ವರ್ಷಕ್ಕೆ ಎಷ್ಟು ಸಲ ತಿರುಗಿತು?

ಕಲಬುರಗಿ, ಬೀದರ್, ಯಾದಗಿರಿಯ ಅಂಗಡಿಕಾರ ಬಂಧುಗಳಿಗೆ ನಮಸ್ಕಾರ.

ದಿನದ ಗಲ್ಲಾ ಎಷ್ಟಾಯಿತು ಅಂತ ನೀವೆಲ್ಲ ಎಣಿಸುತ್ತೀರಿ. ಮಾಲು ವರ್ಷಕ್ಕೆ ಎಷ್ಟು ಸಲ ತಿರುಗಿತು ಅಂತ ನೋಡುವವರು ಕಡಿಮೆ. ಲೆಕ್ಕ ಸುಲಭ. ವರ್ಷದಲ್ಲಿ ಮಾರಿದ ಮಾಲಿನ ಖರೀದಿ ಬೆಲೆಯನ್ನು, ಅಂಗಡಿಯಲ್ಲಿ ಸರಾಸರಿ ಇರುವ ಮಾಲಿನ ಖರೀದಿ ಬೆಲೆಯಿಂದ ಭಾಗಿಸಿ. ಮಾರಿದ ಬೆಲೆ ಹಿಡಿಯಬೇಡಿ. ಲಾಭವೂ ಸೇರಿಕೊಂಡು ಮಾಲು ಬೇಗ ತಿರುಗಿದಂತೆ ಕಾಣುತ್ತದೆ. ಇನ್ನೊಂದು ಮಾತು, ಇದನ್ನೇ ನಾನು ಒತ್ತಿ ಹೇಳುವುದು: ಇಡೀ ಅಂಗಡಿಗೆ ಒಂದೇ ಲೆಕ್ಕ ಬೇಡ. ಒಂದೊಂದು ಬಗೆಯ ಮಾಲಿಗೂ ಬೇರೆ ಬೇರೆ ಮಾಡಿ.

ಕಲಬುರಗಿಯ ಒಬ್ಬ ಬಟ್ಟೆ ವ್ಯಾಪಾರಿಯ ಲೆಕ್ಕ ಹೇಳುತ್ತೇನೆ. ವರ್ಷಕ್ಕೆ ಮಾರಿದ್ದು ಖರೀದಿ ಬೆಲೆಯಲ್ಲಿ 48 ಲಕ್ಷದ ಮಾಲು. ಅಂಗಡಿಯಲ್ಲಿದ್ದದ್ದು 24 ಲಕ್ಷದ್ದು. ಅಂದರೆ ಎರಡು ಸಲ ತಿರುಗಿತು. "ಬಟ್ಟೆ ಅಂಗಡಿಗೆ ಇಷ್ಟು ಸಾಕಲ್ರೀ ಸರ್" ಅಂದರು. ಸಾಲದು, ಬಿಡಿಸಿ ನೋಡೋಣ ಅಂದೆ. ದಿನಬಳಕೆಯ ಸೀರೆ, ಲುಂಗಿ, ಟವೆಲ್ಲು 40 ಲಕ್ಷದ್ದು ಮಾರಿದ್ದರು. ಅದರ ಸ್ಟಾಕು ಬರೀ 8 ಲಕ್ಷ. ಐದು ಸಲ ತಿರುಗಿದೆ, ಚೆನ್ನಾಗಿದೆ. ರೇಷ್ಮೆ ಸೀರೆ ಮಾರಿದ್ದು 8 ಲಕ್ಷದ್ದು, ಕಪಾಟಿನಲ್ಲಿದ್ದದ್ದು 16 ಲಕ್ಷದ್ದು. ಅರ್ಧ ಸಲ! ಹೀಗೇ ಹೋದರೆ ಇರುವುದನ್ನು ಮಾರಿ ಮುಗಿಸಲು ಎರಡು ವರ್ಷ ಬೇಕು.

ಆಗಲೂ ಅವರು, "ರೇಷ್ಮೆಯಲ್ಲಿ ಲಾಭ ಜಾಸ್ತಿ ಐತ್ರಿ" ಅಂದರು. ಸರಿ, ಅದನ್ನೂ ನೋಡಿದೆವು. ನೂರಕ್ಕೆ 30ರಂತೆ 8 ಲಕ್ಷದ ಮೇಲೆ ಲಾಭ 2 ಲಕ್ಷ 40 ಸಾವಿರ. ಕಪಾಟಿನ 16 ಲಕ್ಷಕ್ಕೆ ಬ್ಯಾಂಕ್ ಬಡ್ಡಿ ನೂರಕ್ಕೆ 12ರಂತೆ 1 ಲಕ್ಷ 92 ಸಾವಿರ. ಉಳಿದದ್ದು 48 ಸಾವಿರ. ಅದರಲ್ಲೇ ಬಾಡಿಗೆ, ಕೆಲಸದವರ ಸಂಬಳ. ಮಡಿಕೆಯಲ್ಲಿ ಜರಿ ಕಪ್ಪಾಗಿ ಅರ್ಧ ಬೆಲೆಗೆ ಹೋಗುವ ಸೀರೆಗಳ ನಷ್ಟ ಬೇರೆ. ಎರಡು ಸಲ ಎಂಬ ಒಂದೇ ಅಂಕಿಯಲ್ಲಿ ಇದೆಲ್ಲ ಮುಚ್ಚಿಹೋಗಿತ್ತು. ಅದಕ್ಕೇ ಬೇರೆ ಬೇರೆ ಮಾಡಿ ಅನ್ನುವುದು.

ಸರಾಸರಿ ಸ್ಟಾಕು ತೆಗೆಯುವಾಗ ದೀಪಾವಳಿ ಮುಗಿದ ಮೇಲೆ ಒಂದೇ ಸಲ ಎಣಿಸಿ ಬಿಡಬೇಡಿ. ಆಗ ಕಪಾಟು ಖಾಲಿ, ಅಂಕಿ ಸುಮ್ನೆ ದೊಡ್ಡದಾಗುತ್ತದೆ. ತಿಂಗಳಿಗೊಮ್ಮೆ ಎಣಿಸಿ, ಹನ್ನೆರಡರ ಸರಾಸರಿ ಹಿಡಿಯಿರಿ.

ಸಮಯ ಕಡಿಮೆ ಉಳಿದಿದೆ, ಆದರೂ ಅತಿ ಜಾಸ್ತಿ ತಿರುಗುವುದರ ಬಗ್ಗೆ ಹೇಳಲೇಬೇಕು. ಹಾಲು ದಿನವೂ ತಿರುಗಬೇಕು, ಅದು ಸರಿ. ಆದರೆ ಕಿರಾಣಿ ಅಂಗಡಿಯಲ್ಲಿ ಎಣ್ಣೆ ವರ್ಷಕ್ಕೆ 120 ಸಲ ತಿರುಗಿದರೆ ಸ್ಟಾಕು ಇರುವುದು ಮೂರೇ ದಿನಕ್ಕೆ. ಹೋಲ್‌ಸೇಲ್‌ನಿಂದ ಮಾಲು ಬರಲು ಐದು ದಿನ ಹಿಡಿದರೆ, ಎರಡು ದಿನ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾರೆ, ಅಲ್ವಾ? ಎಣ್ಣೆಯ ಜೊತೆ ಬೇಳೆ, ಸಕ್ಕರೆಯನ್ನೂ ಅಲ್ಲೇ ಕೊಳ್ಳುತ್ತಾರೆ. ಇದು ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ. ಗಲ್ಲಾದ ಹತ್ತಿರ ಒಂದು ನೋಟ್‌ಬುಕ್ ಇಡಿ. ಗಿರಾಕಿ ಕೇಳಿದ್ದಕ್ಕೆ ಇಲ್ಲ ಅಂದಾಗಲೆಲ್ಲ ಆ ಮಾಲಿನ ಹೆಸರು ಬರೆಯಲು ಹುಡುಗರಿಗೆ ಹೇಳಿ. ಒಂದೇ ಹೆಸರು ಮತ್ತೆ ಮತ್ತೆ ಬಂದರೆ ಮೊದಲು ಅದರ ಸ್ಟಾಕು ಹೆಚ್ಚಿಸಿ. ನಮಸ್ಕಾರ.